ಹೊರಟವರೆಲ್ಲ ಬೇಸತ್ತು ಹೋದವರಲ್ಲ

ಸಕಲೇಶಪುರ, ಆಲೂರು ಕಡೆ ಹೋಮ್‌ಸ್ಟೇ ನಡೆಸುವವರದು ಒಂದೇ ಅಳಲು: "ನಮ್ಮ ವೆಬ್‌ಸೈಟಿಗೆ ಜನ ಬರ್ತಾರೆ, ಅರ್ಧ ನಿಮಿಷವೂ ನಿಲ್ಲದೆ ಹೋಗಿಬಿಡ್ತಾರೆ." ದೋಣಿಗಲ್‌ನ ಒಬ್ಬರಂತೂ ಸೈಟನ್ನೇ ಮುಚ್ಚುವ ಯೋಚನೆಯಲ್ಲಿದ್ದಾರೆ. ಅವರು ನೋಡಿದ್ದು AWStats ವರದಿ. ಅದರಲ್ಲಿ ಭೇಟಿಯ ಅವಧಿ ತೋರಿಸುವ ಪಟ್ಟಿ ಇದೆ, ಮೊದಲ ಸಾಲು 0s-30s. ಭೇಟಿಗಳಲ್ಲಿ ಬಹುಪಾಲು ಆ ಸಾಲಿನಲ್ಲೇ ಬಿದ್ದಿವೆ. ಗಾಬರಿಗೆ ಕಾರಣ ಇಷ್ಟೇ.

ಈ ಅವಧಿಯನ್ನು ಲೆಕ್ಕ ಹಾಕುವುದು ಹೇಗೆ ಅನ್ನುವುದನ್ನು ಮೊದಲು ನೋಡೋಣ. ಸರ್ವರ್‌ಗೆ ಓದುಗರ ಕಣ್ಣು ಕಾಣುವುದಿಲ್ಲ. ಯಾರಾದರೂ ಪುಟ ಕೇಳಿದರೆ ಕೊಡುತ್ತದೆ, ಕೊಟ್ಟ ಗಳಿಗೆ ಬರೆದಿಟ್ಟುಕೊಳ್ಳುತ್ತದೆ. ಒಬ್ಬರು ಹತ್ತು ಗಂಟೆಗೆ ಮುಖಪುಟ ತೆರೆದರು ಅನ್ನಿ. ಹತ್ತೂ ಎರಡಕ್ಕೆ ಕೋಣೆಗಳ ಪುಟ, ಹತ್ತೂ ಮೂರಕ್ಕೆ 'ಬರುವ ದಾರಿ' ಪುಟ. ಅಲ್ಲಿ ಏಳು ನಿಮಿಷ ಕೂತು ಓದಿದರು. ಶಿರಾಡಿ ಘಾಟಿಗೆ ಇಳಿಯುವ ಮೊದಲೇ ಎಲ್ಲಿ ತಿರುಗಬೇಕು, ದೋಣಿಗಲ್ ಸ್ಟೇಷನ್ ಎಷ್ಟು ದೂರ, ಎಲ್ಲ ನೋಡಿಕೊಂಡರು. ಆಮೇಲೆ ಫೋನ್ ಮಾಡಿದರು. ವರದಿಯಲ್ಲಿ ಬರುವುದು ಎಷ್ಟು? ಮೂರೇ ನಿಮಿಷ. ಮುಂದಿನ ಪುಟ ಕೇಳಿದಾಗಲೇ ಹಿಂದಿನ ಪುಟದ ಸಮಯ ಗೊತ್ತಾಗುವುದು. ಕೊನೆಯ ಪುಟಕ್ಕೆ ಮುಂದಿನದು ಇಲ್ಲ, ಹಾಗಾಗಿ ಆ ಏಳು ನಿಮಿಷ ಲೆಕ್ಕಕ್ಕೇ ಇಲ್ಲ.

ಇನ್ನು, ಒಂದೇ ಪುಟ ತೆರೆದವರ ಗತಿ? ಅವರಿಗೆ ಅದೇ ಮೊದಲ ಪುಟ, ಅದೇ ಕೊನೆಯ ಪುಟ. ಕಾಲು ಗಂಟೆ ಓದಿದ್ದರೂ ಸೊನ್ನೆ, ಅಂದರೆ 0s-30s ಸಾಲು. ಮತ್ತೊಮ್ಮೆ ಹೇಳುತ್ತೇನೆ: ಆ ಸಾಲಿನಲ್ಲಿ ಇರುವವರು ಓಡಿಹೋದವರು ಎಂದಲ್ಲ, ಎರಡನೇ ಪುಟ ಕೇಳದವರು ಎಂದಷ್ಟೇ ಅರ್ಥ. ಫೋನ್ ನಂಬರ್ ಒತ್ತಿದ್ದು, ವಾಟ್ಸಾಪ್‌ಗೆ ಹೋದದ್ದು ಕೂಡ ಸರ್ವರ್‌ಗೆ ತಿಳಿಯದು, ಏಕೆಂದರೆ ಆ ಕರೆ ಅದರ ಬಳಿ ಬರುವುದೇ ಇಲ್ಲ. ಅಂಗಡಿಯಿಂದ ಸಾಮಾನು ಕೊಂಡವನೂ ಬಾಗಿಲು ದಾಟಿ ಹೋಗುತ್ತಾನೆ, ಕೊಳ್ಳದವನೂ ಹೋಗುತ್ತಾನೆ. ಬಾಗಿಲು ಮಾತ್ರ ಎಣಿಸಿದರೆ ಇಬ್ಬರೂ ಒಂದೇ.

ಹಿಟ್ಸ್ ಅಂಕಿಗೂ ಮರುಳಾಗಬೇಡಿ. ನಮ್ಮ ನೆಂಟರೊಬ್ಬರು "ತಿಂಗಳಿಗೆ ಇಪ್ಪತ್ತು ಸಾವಿರ ಹಿಟ್ಸ್" ಎಂದು ಮದುವೆ ಮನೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದರು. ಒಂದು ಪುಟದಲ್ಲಿ ಇಪ್ಪತ್ತು ಫೋಟೋ ಇದ್ದರೆ ಒಬ್ಬರು ಒಮ್ಮೆ ತೆರೆದರೂ ಇಪ್ಪತ್ತೊಂದು ಹಿಟ್ ಆಗುತ್ತದೆ! ಆ ಅಂಕಿಯನ್ನು ದಯವಿಟ್ಟು ಮರೆತುಬಿಡಿ.

ಹಾಗಾದರೆ ನೋಡಬೇಕಾದ್ದೇನು? ಪುಟಗಳ ಪಟ್ಟಿಗೆ ಹೋಗಿ. ಪ್ರತಿ ಪುಟದ ಎದುರು Viewed, Entry, Exit ಎಂದು ಇರುತ್ತದೆ: ಎಷ್ಟು ಸಲ ನೋಡಿದರು, ಎಷ್ಟು ಭೇಟಿ ಅಲ್ಲಿ ಶುರುವಾಯಿತು, ಎಷ್ಟು ಅಲ್ಲಿ ಮುಗಿಯಿತು. Exit ಅನ್ನು Viewed ಜೊತೆ ಹೋಲಿಸಿ. ಉದಾಹರಣೆಗೆ, ಕೋಣೆಗಳ ಪುಟವನ್ನು 300 ಸಲ ನೋಡಿದ್ದಾರೆ, 60 ಭೇಟಿ ಅಲ್ಲಿ ಮುಗಿದಿವೆ. ದರದ ಪುಟ 200, ಮುಗಿದದ್ದು 130. 'ಬರುವ ದಾರಿ' 120, ಮುಗಿದದ್ದು 90. ಅತಿ ಹೆಚ್ಚು ಪಾಲು ಜನ ಹೊರಟದ್ದು ದಾರಿಯ ಪುಟದಿಂದ, ನಿಜ. ಆದರೆ ಫೋನ್ ನಂಬರ್ ಇರುವುದೇ ಅಲ್ಲಿ, ಮುಗಿಯಬೇಕಾದ್ದೂ ಅಲ್ಲೇ. ಸಂಶಯ ಪಡಬೇಕಾದ್ದು ದರದ ಪುಟದ ಮೇಲೆ. ಅಲ್ಲಿ ನಂಬರ್ ಇಲ್ಲ, ಆದರೂ ನೂರಕ್ಕೆ ಅರವತ್ತೈದು ಅಲ್ಲೇ ನಿಂತಿದೆ. ದರ ಕೋಣೆಗೋ ತಲೆಗೋ, ಊಟ ತಿಂಡಿ ಸೇರಿದೆಯೋ, ಬರೆದಿದ್ದೀರಾ? ಬರೆಯದಿದ್ದರೆ ಮೊದಲು ಅದನ್ನು ಸರಿಮಾಡಿ.

Entry ಕೂಡ ಗಮನಿಸಿ. ರೈಲು ಹಳಿಯ ಮೇಲೆ ಯಡಕುಮರಿ ಕಡೆ ನಡೆಯುವ ಚಾರಣದ ಬಗ್ಗೆ ಹಲವರು ಪುಟ ಬರೆದಿದ್ದಾರೆ. ಹುಡುಕಿ ಬಂದವರು ನೇರ ಆ ಪುಟಕ್ಕೇ ಬಂದು, ಹಳಿಯ ಮೇಲೆ ನಡೆಯಲು ಅನುಮತಿ ಇಲ್ಲ ಎಂದು ಓದಿ ಹೊರಡುತ್ತಾರೆ. ಅವರು ಕೋಣೆ ಹುಡುಕಿ ಬಂದವರೇ ಅಲ್ಲ. ಆ ಪುಟದ ಅಂಕಿ ನೋಡಿ ಕೋಣೆಯ ದರ ಇಳಿಸಬೇಡಿ.

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ತಿಳಿಯದು. ಘಾಟಿಯಲ್ಲಿ ಗುಡ್ಡ ಕುಸಿಯುವ ಜುಲೈಯನ್ನು ರಜೆಯ ಡಿಸೆಂಬರ್ ಜೊತೆ ಹೋಲಿಸಬೇಡಿ. ಹೋದ ವರ್ಷದ ಅದೇ ತಿಂಗಳನ್ನು ನೋಡಿ. ಇಪ್ಪತ್ತು ಮೂವತ್ತು ಭೇಟಿಯಿಂದ ಏನೂ ತೀರ್ಮಾನಿಸಬೇಡಿ, ಎರಡು ಮೂರು ತಿಂಗಳು ಕೂಡಿಸಿ. ಯಾರು ಫೋನ್ ಮಾಡಿದರೂ "ಸೈಟಿನಲ್ಲಿ ನೋಡಿದಿರಾ?" ಎಂದು ಕೇಳಿ, ಫೋನಿನ ಪಕ್ಕದ ಪುಸ್ತಕದಲ್ಲಿ ಒಂದು ಗೆರೆ ಎಳೆಯಿರಿ. ಸರ್ವರ್‌ಗೆ ಕಾಣದ ಆ ಲೆಕ್ಕ ನಿಮ್ಮ ಕೈಯಲ್ಲಿ ಮಾತ್ರ ಇರಲು ಸಾಧ್ಯ.