ವಕಾರ ಒಂದು, ಕೇಳುವ ಕಿವಿ ಎರಡು



ಧಾರವಾಡ, ಕಾರವಾರಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಡಬ್ಲ್ಯು’ ಅಕ್ಷರವನ್ನು ಹಾಕುವುದು ರೂಢಿ. ಗಂಗಾವತಿಗೂ ವಿಜಯಪುರಕ್ಕೂ ‘ವಿ’ ಅಕ್ಷರವನ್ನು ಹಾಕುತ್ತಾರೆ. ಕನ್ನಡದಲ್ಲಿಯಾದರೋ ಈ ನಾಲ್ಕಕ್ಕೂ ಒಂದೇ ವಕಾರ. ಧಾರವಾಡದ ವಕಾರಕ್ಕೂ ಗಂಗಾವತಿಯ ವಕಾರಕ್ಕೂ ಏನು ಭೇದವೆಂದು ಆ ಊರಿನವರನ್ನು ಕೇಳಿದರೆ ಅವರು ನಕ್ಕು ಸುಮ್ಮನಾದಾರು. ಭೇದವಿಲ್ಲವೆಂಬುದೇ ಅದಕ್ಕೆ ಉತ್ತರ. ಇಂಗ್ಲಿಷ್ ಮಾತಾಡುವಾಗ ನಮಗೆ ಒದಗುವ ಒಂದು ತೊಡಕಿನ ಬೇರು ಇಲ್ಲಿಯೇ ಇದೆ.

ಕನ್ನಡಿಗರು ‘ವಿ’ ಇರಬೇಕಾದಲ್ಲಿ ‘ಡಬ್ಲ್ಯು’, ‘ಡಬ್ಲ್ಯು’ ಇರಬೇಕಾದಲ್ಲಿ ‘ವಿ’ ಉಚ್ಚರಿಸುತ್ತಾರೆಂದು ಇಂಗ್ಲಿಷರು ಆಕ್ಷೇಪಿಸುವುದುಂಟು. ಎರಡನ್ನೂ ಆಡಬಲ್ಲವನು ಹೀಗೆ ತಲೆಕೆಳಗು ಮಾಡುವುದೇಕೆ? ನಿಜವಾಗಿ ನಾವು ಅದಲುಬದಲು ಮಾಡುವುದಿಲ್ಲ. ಎರಡು ಕಡೆಗಳಲ್ಲಿಯೂ ಒಂದೇ ಧ್ವನಿಯನ್ನು, ನಮ್ಮ ವಕಾರವನ್ನು, ಆಡುತ್ತೇವೆ. ಅದಲುಬದಲು ನಡೆಯುವುದು ಕೇಳುವವನ ಕಿವಿಯಲ್ಲಿ.

ಇದನ್ನು ತುಸು ಬಿಡಿಸಿ ಹೇಳುವೆನು. ಇಂಗ್ಲಿಷಿನ ‘ವಿ’ ಧ್ವನಿಯಲ್ಲಿ ಕೆಳದುಟಿ ಮೇಲಿನ ಹಲ್ಲಿಗೆ ತಾಗುತ್ತದೆ. ಆ ಸಂದಿನಲ್ಲಿ ಉಸಿರು ಉಜ್ಜಿಕೊಂಡು ಹೊರಟು ದುಂಬಿಯ ಝೇಂಕಾರದಂತೆ ಕೇಳುತ್ತದೆ. ‘ಡಬ್ಲ್ಯು’ ಧ್ವನಿಯಲ್ಲಿ ಹಲ್ಲಿಗೆ ಕೆಲಸವೇ ಇಲ್ಲ. ತುಟಿಗಳೆರಡೂ ದುಂಡಗಾಗಿ ಮುಂದೆ ಬರುತ್ತವೆ, ನಾಲಗೆಯ ಹಿಂಭಾಗ ಮೇಲೇಳುತ್ತದೆ. ನಮ್ಮ ವಕಾರ ಇವೆರಡರ ನಡುವಿನದು. ಪ್ರಾಚೀನ ಶಿಕ್ಷಾಶಾಸ್ತ್ರಕಾರರು ಇದನ್ನು ದಂತೋಷ್ಠ್ಯವೆಂದರು. ಕೆಳದುಟಿ ಹಲ್ಲಿನ ಸಮೀಪಕ್ಕೆ ಹೋಗುತ್ತದೆ, ಆದರೆ ಉಜ್ಜುವಿಕೆಯಿಲ್ಲ. ತುಟಿ ದುಂಡಗಾಗುವುದೂ ಇಲ್ಲ. ‘ವಿ’ಯನ್ನು ನಿರೀಕ್ಷಿಸಿದ ಇಂಗ್ಲಿಷ್ ಕಿವಿಗೆ ಝೇಂಕಾರ ದೊರೆಯದೆ ಅದು ‘ಡಬ್ಲ್ಯು’ ಎನಿಸುತ್ತದೆ. ‘ಡಬ್ಲ್ಯು’ವನ್ನು ನಿರೀಕ್ಷಿಸಿದಾಗ ದುಂಡುತನ ದೊರೆಯದೆ ಅದೇ ಧ್ವನಿ ‘ವಿ’ ಎನಿಸುತ್ತದೆ. ಇದ್ದುದು ಕೇಳುವುದಿಲ್ಲ, ಇಲ್ಲದುದು ಎದ್ದು ಕೇಳುತ್ತದೆ.

ನಮ್ಮ ವಕಾರ ಎಷ್ಟು ಸಡಿಲವಾದ ಧ್ವನಿಯೆಂಬುದನ್ನು ನೋಡಬೇಕಾದರೆ ಕೊಪ್ಪಳದ ಸೀಮೆಗೇ ಹೋಗೋಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣವು ಈ ಕೊಪ್ಪಳವೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಬಸದಿಗಳಿಗೆ ಹೆಸರಾಗಿದ್ದ ಊರದು. ಆ ‘ಬಸದಿ’ ಎಂಬ ಮಾತೇ ಸಂಸ್ಕೃತದ ‘ವಸತಿ’ಯಿಂದ, ಪದಾದಿಯ ವಕಾರವು ಬಕಾರವಾಗಿ, ಹುಟ್ಟಿದ್ದು. ಇಂದಿಗೂ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ವೀರಣ್ಣನು ಈರಣ್ಣನಾಗುತ್ತಾನೆ, ವೀರಭದ್ರನು ಈರಭದ್ರನಾಗುತ್ತಾನೆ. ಇಕಾರದ ಮುಂದೆ ವಕಾರ ಹೀಗೆ ಉದುರಿಹೋದರೆ, ಒಕಾರದ ಮುಂದೆ ಕರೆಯದೆಯೇ ಬಂದು ಸೇರುತ್ತದೆ: ‘ಒಂದು’ ಎಂಬುದು ‘ವಂದು’, ‘ಒಳಗೆ’ ಎಂಬುದು ‘ವಳಗೆ’. ಇದೇ ಅಭ್ಯಾಸದಿಂದ ಇಂಗ್ಲಿಷಿನ ‘ಓನ್ಲಿ’ಯೂ ‘ವೋನ್ಲಿ’ಯಾಗುತ್ತದೆ. 1948ರವರೆಗೆ ಈ ತಾಲ್ಲೂಕುಗಳು ನಿಜಾಮರ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತಭಾಷೆಯಾಗಿದ್ದ ಉರ್ದುವಿನಲ್ಲಿಯೂ ಈ ಎರಡು ಧ್ವನಿಗಳಿಗೆ ‘ವಾವ್’ ಎಂಬ ಒಂದೇ ಅಕ್ಷರ. ಹೀಗೆ ಮನೆಯ ನುಡಿಯಾಗಲಿ ಕಚೇರಿಯ ನುಡಿಯಾಗಲಿ ಭೇದವನ್ನು ಕಲಿಸಲಿಲ್ಲ.

ಇನ್ನು ಅಭ್ಯಾಸದ ಕ್ರಮ. ಕೈಯಲ್ಲೊಂದು ಕನ್ನಡಿಯಿರಲಿ. ನಮ್ಮ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದುದರಿಂದ, ಈ ಭಾಷಣದಲ್ಲಿ ‘ವಿ’ ಧ್ವನಿಗೆ ವಕಾರವನ್ನೂ ‘ಡಬ್ಲ್ಯು’ ಧ್ವನಿಗೆ ಉಕಾರವನ್ನೂ ಗುರುತಾಗಿ ಬಳಸುವೆನು. ಪಶ್ಚಿಮ ದಿಕ್ಕು ‘ಉ-ಎಸ್ಟ್’. ಒಳಗೆ ತೊಡುವ ಬನೀನು ‘ವೆಸ್ಟ್’.

ಮೊದಲನೆಯದು ‘ವಿ’. ಇದಕ್ಕೆ ದಾರಿ ‘ಫಸಲಿ’, ‘ದಫ್ತರ’ ಮುಂತಾದ ಮಾತುಗಳಲ್ಲಿ ಉರ್ದು ಬಲ್ಲವರು ಆಡುವ ಫಕಾರ. ‘ಪಸಲಿ’ ಎನ್ನುವ ರೂಢಿಯಿದ್ದವರು ಮೊದಲು ಅದನ್ನು ತಿದ್ದಿಕೊಳ್ಳಬೇಕು: ತುಟಿಗಳೆರಡೂ ಮುಚ್ಚಬಾರದು. ಕೆಳದುಟಿಯ ಒಳ ಅಂಚನ್ನು ಮೇಲಿನ ಹಲ್ಲಿಗೆ ಹಗುರವಾಗಿ ತಾಗಿಸಿ ‘ಫ್‌ಫ್‌ಫ್’ ಎಂದು ಐದು ಎಣಿಸುವವರೆಗೆ ಊದಿರಿ. ತುಟಿಯನ್ನು ಕದಲಿಸದೆ ಗಂಟಲಿನ ನಾದವನ್ನು ಕೂಡಿಸಿರಿ. ಕೊರಳ ಮೇಲೆ ಬೆರಳಿಟ್ಟರೆ ಕಂಪನ ತಿಳಿಯುವುದು. ತುಟಿಯಲ್ಲಿ ಕಚಗುಳಿಯಂಥ ನಡುಕ ಬರುವುದು. ಆ ನಡುಕವಿಲ್ಲದಿದ್ದರೆ ನೀವು ಆಡಿದ್ದು ಇನ್ನೂ ಕನ್ನಡದ ವಕಾರವೇ. ಹಲ್ಲನ್ನು ಬಲವಾಗಿ ಒತ್ತಿದರೆ ಉಸಿರೇ ಕಟ್ಟುವುದು, ತಾಗಿದರೆ ಸಾಕು.

ಎರಡನೆಯದು ‘ಡಬ್ಲ್ಯು’. ಒಲೆಯನ್ನು ಊದುಗೊಳವೆಯಿಂದ ಊದುವವರಂತೆ ತುಟಿಯನ್ನು ದುಂಡಗೆ ಮಾಡಿ ‘ಊ’ ಎಂದು ಎಳೆಯಿರಿ. ಅಲ್ಲಿಂದ ‘ಎಸ್ಟ್’ಗೆ ಜಾರಿರಿ: ‘ಊ-ಎಸ್ಟ್’. ಹತ್ತು ಸಾರಿ ಹೇಳುತ್ತ ಪ್ರತಿಸಲವೂ ‘ಊ’ವನ್ನು ಮೊಟಕು ಮಾಡುತ್ತ ಬನ್ನಿರಿ. ಕನ್ನಡಿಯಲ್ಲಿ ಆರಂಭಕ್ಕೆ ಹಲ್ಲು ಕಾಣಬಾರದು. ಕಂಡರೆ ಕೆಳದುಟಿ ಹಳೆಯ ದಾರಿ ಹಿಡಿದಿದೆಯೆಂದು ಅರ್ಥ.

ಮೂರನೆಯದು ಪರೀಕ್ಷೆ. ನೀವೇ ಆಡಿ ನೀವೇ ಕೇಳಿದರೆ ಉದ್ದೇಶವೇ ಕಿವಿಗೆ ಕೇಳುವುದು. ಆದುದರಿಂದ ಭೇದವನ್ನು ಬಲ್ಲ ಮತ್ತೊಬ್ಬರು ಬೇಕು. ‘ವೆಸ್ಟ್’, ‘ಉ-ಎಸ್ಟ್’ ಎರಡನ್ನೂ ಕಲಸುಮೇಲೋಗರವಾಗಿ ಇಪ್ಪತ್ತು ಸಲ ಕಾಗದದಲ್ಲಿ ಬರೆದುಕೊಂಡು ಓದಿರಿ. ಅವರು ಬೆನ್ನು ತಿರುಗಿಸಿ ಕುಳಿತು, ಕೇಳಿದುದು ಬನೀನೋ ದಿಕ್ಕೋ ಎಂದು ಬರೆಯಲಿ. ಊಹೆಯಿಂದಲೇ ಹತ್ತರಷ್ಟು ಸರಿಬರಬಹುದು. ಹದಿನೇಳು ಹದಿನೆಂಟು ಸರಿಬರುವ ತನಕ ಮುಂದಕ್ಕೆ ಹೋಗಬೇಡಿರಿ.

ನಾಲ್ಕನೆಯದು ಜೋಡಿಮಾತು. ‘ಬಹಳ ಚೆನ್ನಾಗಿ’ ಎಂಬರ್ಥದ ‘ವೆರಿ ಉ-ಎಲ್’ ಎಂಬುದನ್ನು ತೆಗೆದುಕೊಳ್ಳಿರಿ. ಕುಷ್ಟಗಿಯ ವಿದ್ಯಾರ್ಥಿಯೊಬ್ಬನು ಇದನ್ನು ಅಭ್ಯಾಸಮಾಡುವನೆಂದು ಭಾವಿಸೋಣ. ಮೊದಲ ದಿನ ಎರಡರಲ್ಲಿಯೂ ಕನ್ನಡದ ವಕಾರವನ್ನೇ ಆಡುವನು. ಒಂದು ವಾರದಲ್ಲಿ ದುಂಡುತುಟಿ ಕೈಗೂಡಿ, ಆ ಉತ್ಸಾಹದಲ್ಲಿ ಮೊದಲನೆಯದನ್ನೂ ‘ಉ-ಎರಿ’ ಎನ್ನುವನು. ಈಗ ನಡೆದುದು ನಿಜವಾದ ತಪ್ಪು. ಮೊದಲಿನದು ಕೇಳುವವನ ಭ್ರಮೆಯಾಗಿತ್ತು. ಅವನು ‘ವೆ’ಯಲ್ಲಿ ನಿಂತು ಝೇಂಕಾರವನ್ನು ಮೂರು ಎಣಿಸುವಷ್ಟು ಎಳೆದು, ‘ರಿ’ಯ ಬಳಿಕ ತುಸು ತಡೆದು, ತುಟಿಯನ್ನು ದುಂಡಗೆ ಸಿದ್ಧಪಡಿಸಿ, ಆಮೇಲೆ ‘ಉ-ಎಲ್’ ಎನ್ನಬೇಕು. ತಡೆಯನ್ನು ದಿನದಿನಕ್ಕೆ ಕುಗ್ಗಿಸಬೇಕು. ಸ್ವರಗಳ ನಡುವೆ ಬರುವ ‘ವಿ’ ಎಲ್ಲಕ್ಕಿಂತ ಕಠಿನ; ‘ಓವರ್’ ಎಂಬಲ್ಲಿ ತುಟಿ ಓಕಾರದ ದುಂಡಿನಿಂದ ಹಲ್ಲಿಗೆ ಮರಳಲು ಸೋಮಾರಿಯಾಗುತ್ತದೆ. ಅದನ್ನು ಕಡೆಗೆ ಇಟ್ಟುಕೊಳ್ಳಿರಿ. ಬೆಳಿಗ್ಗೆ ಸಂಜೆ ಐದೈದು ನಿಮಿಷ ಸಾಕು. ದಣಿದ ತುಟಿ ಹಳೆಯ ರೂಢಿಗೇ ಹೊರಳುತ್ತದೆ.

ಕೊನೆಗೊಂದು ಎಚ್ಚರಿಕೆ. ಈ ಝೇಂಕಾರವನ್ನು ಮನೆಯ ಮಾತಿಗೆ ತರಬೇಡಿರಿ. ಗವಿಮಠ, ಗಂಗಾವತಿ ಎನ್ನುವಾಗ ನಮ್ಮ ವಕಾರವೇ ಶುದ್ಧ. ಕನ್ನಡದಲ್ಲಿ ಮಾತಾಡುತ್ತ ‘ವೋಟು’, ‘ವಾಚು’, ‘ವಾರಂಟು’ ಎಂದಾಗಲೂ ಅವು ನಮ್ಮವಾದ ಮಾತುಗಳು. ನಮ್ಮ ವಕಾರದಲ್ಲಿಯೇ ನಡೆಯಲಿ. ಹೊಸದಾಗಿ ಕಲಿಯಬೇಕಾದುದು ಹಲ್ಲಿನ ಝೇಂಕಾರ, ತುಟಿಯ ದುಂಡು ಎಂಬ ಎರಡು ಧ್ವನಿಗಳನ್ನು. ಮರೆಯಬೇಕಾದುದು ಯಾವುದೂ ಇಲ್ಲ.