ದೊರೆಗೆ ಬರೆಯುವ ಕಾಗದ: ಮರ್ಯಾದೆ ಬೇರೆ, ದೈನ್ಯ ಬೇರೆ

(ತೋಟದ ಕಾರ್ಮಿಕ ಕುಟುಂಬಗಳ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕೂಟ ಮುಗಿದ ಮೇಲೆ ಫೋನು ಹಿಡಿದುಕೊಂಡು ನಮ್ಮ ಬಳಿಗೆ ಬರುವ ಮಕ್ಕಳು ಈಚೆಗೆ ಹೆಚ್ಚಾಗಿದ್ದಾರೆ. "ಅಣ್ಣಾ, ದೊಡ್ಡ ಆಫೀಸಿಗೆ ಈಮೇಲ್ ಕಳಿಸಬೇಕು. ಹೇಗೆ ಶುರು ಮಾಡೋದು?" ಎಂದು ಕೇಳುತ್ತಾರೆ. ಹಿಂದೆ ನಾವು ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ರೈಟರ ಕೈಗೆ ಕೊಡುತ್ತಿದ್ದೆವು. ಅದು ಮೇಲಕ್ಕೆ ಹೋಯಿತೋ, ಮೇಜಿನ ಖಾನೆಯಲ್ಲೇ ಉಳಿಯಿತೋ ಯಾರಿಗೂ ತಿಳಿಯುತ್ತಿರಲಿಲ್ಲ. ಈಗ ನಮ್ಮ ಮಾತು ಜನರಲ್ ಮ್ಯಾನೇಜರರ ಮುಂದೆಯೇ ತೆರೆದುಕೊಳ್ಳುತ್ತದೆ. ದಾರಿ ಹತ್ತಿರವಾಯಿತು. ಆದರೆ ಬರೆಯುವ ಭಾಷೆ ಮಾತ್ರ ಇನ್ನೂ ಬಂಗಲೆಯ ಮೆಟ್ಟಿಲ ಕೆಳಗೆ ಕೈಕಟ್ಟಿ ನಿಂತಿದೆ. ಇವತ್ತು ಅದರ ಬಗ್ಗೆ ಒಂದೇ ಒಂದು ಕಾಗದವನ್ನು ಇಟ್ಟುಕೊಂಡು ಮಾತಾಡೋಣ.

ಗೂಡಲೂರು ಕಡೆಯ ಒಂದು ಚಹಾ ತೋಟದಲ್ಲಿ ಒಬ್ಬ ತಾಯಿ ಸೊಪ್ಪು ಕೀಳುವ ಕೆಲಸದಲ್ಲಿದ್ದರು. 1997ರ ಅಕ್ಟೋಬರ್ 1ರಂದು ಸೇರಿ 2025ರ ಮೇ 31ರಂದು ರಿಟೈರ್ ಆದರು. ಅಂದರೆ 27 ವರ್ಷ 8 ತಿಂಗಳ ಸರ್ವಿಸ್. ಗುರುತು ಹತ್ತದಿರಲೆಂದು ತಾರೀಕುಗಳನ್ನು ಸ್ವಲ್ಪ ಬದಲಿಸಿದ್ದೇವೆ. ಲೆಕ್ಕ ಸುಲಭವಾಗಲೆಂದು ದಿನಗೂಲಿ 400 ರೂಪಾಯಿ ಎಂದಿಟ್ಟುಕೊಳ್ಳಿ. ಗ್ರಾಚ್ಯುಟಿಗೆ, ನಮ್ಮ ಲೈನಿನ ಮಾತಿನಲ್ಲಿ ಸರ್ವಿಸ್ ಹಣಕ್ಕೆ, ವರ್ಷಕ್ಕೆ 15 ದಿನದ ಕೂಲಿಯ ಲೆಕ್ಕ. ಪೂರ್ತಿ ವರ್ಷಗಳಾದ ಮೇಲೆ ಆರು ತಿಂಗಳಿಗಿಂತ ಹೆಚ್ಚು ಮಿಕ್ಕಿದರೆ ಅದನ್ನೂ ಒಂದು ವರ್ಷವೆಂದೇ ಹಿಡಿಯಬೇಕು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯಿದೆಯಲ್ಲಿ ಹೀಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ರೀತಿ ಉಂಟು. ಹಾಗಾದರೆ ಆ ತಾಯಿಗೆ 28 ವರ್ಷದ ಲೆಕ್ಕದಲ್ಲಿ 1,68,000 ರೂಪಾಯಿ ಬರಬೇಕು. ತೋಟದ ಆಫೀಸಿನವರು 27 ವರ್ಷವೆಂದು ಹಿಡಿದು 1,62,000 ಕೊಟ್ಟರು. ವ್ಯತ್ಯಾಸ 6,000 ರೂಪಾಯಿ.

ಅವರ ಮಗಳು ಕಾಲೇಜು ಓದಿದ ಹುಡುಗಿ. ಅವಳು ಮೊದಲು ಬರೆದು ತಂದದ್ದು ಹೀಗಿತ್ತು:

"ಮಹಾಸ್ವಾಮಿಗಳವರ ಪಾದಗಳಿಗೆ ಈ ಬಡ ಕೂಲಿಯಾಳು ಮಾಡುವ ಅನಂತ ನಮಸ್ಕಾರಗಳು. ತಮ್ಮ ಅನ್ನ ತಿಂದು ಬದುಕಿದ ನಮ್ಮದು ತಪ್ಪಾಗಿದ್ದರೆ ಮಗುವೆಂದು ಕ್ಷಮಿಸಬೇಕು. ನಾನು ಗಂಡನಿಲ್ಲದವಳು, ಮನೆ ಸೋರುತ್ತಿದೆ, ಮಗಳ ಮದುವೆ ಆಗಬೇಕು. ದೊಡ್ಡ ಮನಸ್ಸು ಮಾಡಿ ಸರ್ವಿಸ್ ಹಣದಲ್ಲಿ ಇನ್ನಷ್ಟು ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ತಮ್ಮ ವಿಧೇಯ ಸೇವಕಿ."

ನಗಬೇಡಿ. ಇಂಥ ಅರ್ಜಿಗಳನ್ನು ನಾವೇ ನೂರಾರು ಬರೆದುಕೊಟ್ಟಿದ್ದೇವೆ. "ವಿಧೇಯ ಸೇವಕ" ಎಂಬುದು ನಮ್ಮ ಹಿರಿಯರು ಹುಟ್ಟಿಸಿದ ಮಾತೂ ಅಲ್ಲ. ಬಿಳಿಯರ ಕಾಲದ ಸರ್ಕಾರಿ ಕಾಗದಗಳ ಕೊನೆಯಲ್ಲಿ "ಯುವರ್ ಒಬೀಡಿಯಂಟ್ ಸರ್ವೆಂಟ್" ಎಂದು ಬರೆಯುವ ರೂಢಿಯಿತ್ತು. ಒಬ್ಬ ಅಧಿಕಾರಿ ತನ್ನ ಸರಿಸಮಾನನಿಗೆ ಬರೆದರೂ ಹಾಗೆಯೇ ಮುಗಿಸುತ್ತಿದ್ದ. ಅವರಿಗೆ ಅದು ಬರೀ ಮುದ್ರೆ; ನಾವು ಅದನ್ನು ನಮ್ಮ ಸ್ಥಾನವೆಂದೇ ತಿಳಿದುಕೊಂಡೆವು.

ಈ ಕಾಗದದ ನಿಜವಾದ ದೋಷ ಎಲ್ಲಿದೆ ನೋಡಿ. ಇದನ್ನು ಓದಿದ ಮ್ಯಾನೇಜರರಿಗೆ ಏನು ಮಾಡಬೇಕೆಂಬುದೇ ತಿಳಿಯುವುದಿಲ್ಲ. ಎಷ್ಟು ಹಣ, ಯಾವ ಲೆಕ್ಕ, ಯಾವ ತಾರೀಕು, ಒಂದೂ ಇಲ್ಲ. ಇನ್ನೊಂದು ದೋಷ ಅದಕ್ಕಿಂತ ದೊಡ್ಡದು. "ದಯಪಾಲಿಸಬೇಕು" ಎಂದು ಬರೆದ ಕೂಡಲೇ ಬರಬೇಕಾದ ಕೂಲಿ ಭಿಕ್ಷೆಯಾಗಿಬಿಡುತ್ತದೆ. ಭಿಕ್ಷೆ ಹಾಕುವುದೂ ಬಿಡುವುದೂ ಹಾಕುವವರ ಇಷ್ಟ. ನಮ್ಮ ಹಕ್ಕನ್ನು ನಾವೇ ನಮ್ಮ ಕೈಯಿಂದ ಅವರ ಇಷ್ಟಕ್ಕೆ ಒಪ್ಪಿಸಿದಂತಾಯಿತು. ಮನೆ ಸೋರುವುದು ನಿಜ, ಆದರೆ ಅದು ಬೇರೆ ಕಾಗದದ ವಿಷಯ. ಎರಡನ್ನೂ ಒಂದರಲ್ಲಿ ಬರೆದರೆ ಆಫೀಸು ಸುಲಭವಾದದ್ದಕ್ಕೆ ಮಾತ್ರ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಇದನ್ನು ಹೇಳಿದಾಗ ಹುಡುಗಿಗೆ ರೋಷ ಬಂತು. ಮಾರನೆಯ ದಿನ ಬೇರೆ ಕಾಗದ ತಂದಳು: "ನನ್ನ ಅವ್ವನ ಹಣ ನುಂಗಿದ್ದೀರಿ. ನಿಮಗೆ ನಾಚಿಕೆಯಾಗಬೇಕು. ಮೂರು ದಿನದಲ್ಲಿ ಕೊಡದಿದ್ದರೆ ಕೋರ್ಟಿಗೆ ಎಳೆಯುತ್ತೇವೆ." ಇದೂ ದೈನ್ಯದ ಇನ್ನೊಂದು ಮಗ್ಗುಲೇ. ಹೆದರಿದವನು ಒಮ್ಮೆ ಕಾಲಿಗೆ ಬೀಳುತ್ತಾನೆ, ಒಮ್ಮೆ ಕೂಗಾಡುತ್ತಾನೆ. ನುಂಗಿದರೆಂಬುದಕ್ಕೆ ಸಾಕ್ಷಿಯಿಲ್ಲ, ಗುಮಾಸ್ತರು ಎಂಟು ತಿಂಗಳನ್ನು ಲೆಕ್ಕದಿಂದ ಬಿಟ್ಟಿರಬಹುದು. ಈ ಕಾಗದವನ್ನು ಓದಿದವರು ಮೊದಲು ತಮ್ಮ ಮಾನ ಕಾಯ್ದುಕೊಳ್ಳಲು ನೋಡುತ್ತಾರೆ, ಲೆಕ್ಕ ಹಿಂದಕ್ಕೆ ಸರಿಯುತ್ತದೆ.

ಕೊನೆಗೆ ನಾವೆಲ್ಲ ಕುಳಿತು ಸರಿಮಾಡಿದ್ದು ಇದು. ಆ ಮ್ಯಾನೇಜರರು ಮೈಸೂರು ಕಡೆಯವರು, ಕನ್ನಡ ಓದುತ್ತಾರೆ. ಇಂಗ್ಲಿಷಿಗೋ ತಮಿಳಿಗೋ ತಿರುಗಿಸಬೇಕಾದರೂ ಕಾಗದದ ಕಟ್ಟು ಇದೇ ಇರಲಿ.

Subject ಎಂಬ ಸಾಲಿನಲ್ಲಿ: "ಗ್ರಾಚ್ಯುಟಿ ಲೆಕ್ಕದಲ್ಲಿ ಒಂದು ವರ್ಷದ ವ್ಯತ್ಯಾಸ: ಚೆಕ್‌ರೋಲ್ ನಂಬರ್ ಇಂಥದ್ದು."

"ಮಾನ್ಯ ಜನರಲ್ ಮ್ಯಾನೇಜರ್ ಅವರಿಗೆ, ನಮಸ್ಕಾರ.

ನಾನು ತಮ್ಮ ತೋಟದ ಎರಡನೇ ಡಿವಿಜನ್ನಿನಲ್ಲಿ 1-10-1997ರಿಂದ 31-5-2025ರವರೆಗೆ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಸರ್ವಿಸ್ 27 ವರ್ಷ 8 ತಿಂಗಳು. ಜೂನ್ 25ರಂದು ಗ್ರಾಚ್ಯುಟಿಯಾಗಿ 1,62,000 ರೂಪಾಯಿ ಬಂದಿದೆ. ಅದನ್ನು ಸಕಾಲದಲ್ಲಿ ಕೊಟ್ಟಿದ್ದಕ್ಕೆ ವಂದನೆಗಳು.

ಈ ಲೆಕ್ಕದಲ್ಲಿ 27 ವರ್ಷ ಮಾತ್ರ ಹಿಡಿದಂತೆ ಕಾಣುತ್ತದೆ. ಆರು ತಿಂಗಳಿಗಿಂತ ಹೆಚ್ಚಿನ ಅವಧಿಯನ್ನು ಒಂದು ವರ್ಷವೆಂದು ಎಣಿಸಬೇಕೆಂದು ಗ್ರಾಚ್ಯುಟಿ ಕಾಯಿದೆಯಲ್ಲಿದೆ. ಅದರಂತೆ 28 ವರ್ಷಕ್ಕೆ 1,68,000 ರೂಪಾಯಿ ಆಗುತ್ತದೆ. ಬಾಕಿ 6,000 ರೂಪಾಯಿ.

ದಯವಿಟ್ಟು ಲೆಕ್ಕವನ್ನು ಪರಿಶೀಲಿಸಿ, ಬಾಕಿಯನ್ನು ಜುಲೈ 31ರೊಳಗೆ ಪಾವತಿ ಮಾಡಿಸಬೇಕೆಂದು ಕೋರುತ್ತೇನೆ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಎಲ್ಲಿ ಎಂದು ತಿಳಿಸಿ. ಸೇರಿದ ದಿನದ ಚೀಟಿಯನ್ನೂ ಹಣ ಬಂದ ಚೀಟಿಯನ್ನೂ ಜೊತೆಗೆ ಇಟ್ಟಿದ್ದೇನೆ.

ವಂದನೆಗಳೊಂದಿಗೆ," ಕೆಳಗೆ ಹೆಸರು, ಲೈನ್ ಮನೆಯ ನಂಬರು, ಫೋನ್ ನಂಬರು.

ಮರ್ಯಾದೆ ಎಲ್ಲೆಲ್ಲಿದೆ ನೋಡಿ. "ಮಾನ್ಯ" ಎಂದಿದೆ, "ತಮ್ಮ" ಎಂದಿದೆ, ನಮಸ್ಕಾರ ಒಂದು, ದಯವಿಟ್ಟು ಒಂದು, ವಂದನೆ ಮೊದಲಿಗೊಂದು ಕೊನೆಗೊಂದು. ಅಷ್ಟು ಸಾಕು. ದಯವಿಟ್ಟು ಒಮ್ಮೆ ಹೇಳಿದರೆ ವಿನಯ, ನಾಲ್ಕು ಸಲ ಹೇಳಿದರೆ ಗೋಗರೆಯುವಿಕೆ. ಹೊಗಳಿಕೆಯೂ ಇಲ್ಲಿದೆ, ಆದರೆ ಅದು ನಡೆದ ಸಂಗತಿಗೆ: ಹಣವನ್ನು ಮೂವತ್ತು ದಿನದೊಳಗೆ ಕೊಟ್ಟದ್ದು ನಿಜ, ಆದ್ದರಿಂದ ವಂದನೆ ಹೇಳಿದೆವು. ಹಾಗೆ ಕೊಟ್ಟಿರದಿದ್ದರೆ ಆ ಸಾಲನ್ನು ಬರೆಯುತ್ತಿರಲಿಲ್ಲ.

ಈಗ ಕ್ರಿಯಾಪದಗಳನ್ನು ನೋಡಿ, ಕನ್ನಡದಲ್ಲಿ ನಮ್ಮ ಬೆನ್ನು ಬಾಗುವುದು ಅಲ್ಲಿಯೇ. ಬೇಡುತ್ತೇನೆ, ಪ್ರಾರ್ಥಿಸುತ್ತೇನೆ, ಕೋರುತ್ತೇನೆ, ಕೇಳುತ್ತೇನೆ ಎಂದು ನಾಲ್ಕು ಮೆಟ್ಟಿಲುಗಳುಂಟು. ಪ್ರಾರ್ಥನೆ ದೇವರಿಗಿರಲಿ, ಬೇಡುವುದು ಕೈಯಲ್ಲಿ ಏನೂ ಇಲ್ಲದಾಗ. ಬರಬೇಕಾದ್ದಕ್ಕೆ "ಕೋರುತ್ತೇನೆ" ಸರಿಯಾದ ಮೆಟ್ಟಿಲು. ಬರೀ "ಕೇಳುತ್ತೇನೆ" ಎಂದರೂ ತಪ್ಪಿಲ್ಲ, ಆದರೆ ಹಿರಿಯರಿಗೆ ಬರೆಯುವಾಗ ಸ್ವಲ್ಪ ಒರಟಾಗಿ ಕೇಳಿಸುತ್ತದೆ. ಹಾಗೆಯೇ "ದಯಪಾಲಿಸಿ", "ಕರುಣಿಸಿ" ಎಂಬ ಕಡೆ "ಪಾವತಿ" ಎಂದು ಬರೆಯಿರಿ. ಆ ಒಂದು ಶಬ್ದದಿಂದ ಹಣ ಯಾರದ್ದೆಂಬುದು ಸ್ಪಷ್ಟವಾಗುತ್ತದೆ.

"ಹಿಡಿದಂತೆ ಕಾಣುತ್ತದೆ" ಎಂಬ ಮಾತನ್ನೂ ಗಮನಿಸಿ. ತಪ್ಪು ಮಾಡಿದ್ದೀರಿ ಎನ್ನಲಿಲ್ಲ, ಲೆಕ್ಕದಲ್ಲಿ ತಪ್ಪು ಕಾಣುತ್ತದೆ ಎಂದೆವು. ಇದು ಹೆದರಿಕೆಯ ಮಾತಲ್ಲ. ಮನುಷ್ಯನನ್ನು ಬಿಟ್ಟು ಲೆಕ್ಕವನ್ನು ಹಿಡಿದರೆ, ಸರಿಪಡಿಸುವವರಿಗೆ ಮುಖ ಉಳಿಯುತ್ತದೆ. "ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿ" ಎಂಬುದಕ್ಕೂ "ತಪ್ಪಾಗಿದ್ದರೆ ಕ್ಷಮಿಸಿ" ಎಂಬುದಕ್ಕೂ ಎಷ್ಟು ದೂರ! ಒಂದು ಸಮಾನನ ಮಾತು, ಇನ್ನೊಂದು ಅಪರಾಧಿಯದು. ಕಾಯಿದೆಯ ಹೆಸರು ಸಹ ಬೆದರಿಕೆಯಾಗಿ ಬಂದಿಲ್ಲ, ಲೆಕ್ಕದ ಆಧಾರವಾಗಿ ಬಂದಿದೆ.

ಇನ್ನು ಕಳಿಸುವ ಕ್ರಮ. To ಎಂಬಲ್ಲಿ ಜನರಲ್ ಮ್ಯಾನೇಜರರ ವಿಳಾಸ, Cc ಎಂಬಲ್ಲಿ ನಮ್ಮ ತೋಟದ ಮ್ಯಾನೇಜರರ ವಿಳಾಸ. ಇಲ್ಲಿಯ ದೊರೆಗೆ ತಿಳಿಯದ ಹಾಗೆ ಮೇಲಿನವರಿಗೆ ಬರೆದರೆ ಚಾಡಿ ಹೇಳಿದಂತಾಗುತ್ತದೆ. ಅವರಿಗೂ ಒಂದು ಪ್ರತಿ ಹೋದರೆ ಅದು ನೇರ ವ್ಯವಹಾರ. ಆದರೆ ಯೂನಿಯನ್ನು, ಪತ್ರಿಕೆ, ಕಲೆಕ್ಟರು ಎಂದು ಹತ್ತು ವಿಳಾಸಗಳನ್ನು ಮೊದಲ ಕಾಗದದಲ್ಲೇ ತುಂಬಬೇಡಿ. ಬಾಯಲ್ಲಿ ವಿನಯ, ಕೈಯಲ್ಲಿ ದೊಣ್ಣೆ ಎಂದು ಓದುವವರಿಗೆ ಕಾಣುತ್ತದೆ. ಚೀಟಿಗಳ ಫೋಟೋ ಬೆಳಕಿನಲ್ಲಿ ತೆಗೆದಿರಲಿ, ಅಂಕಿಗಳು ಓದಲು ಬರಲಿ.

ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾಗದವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ಓದುವಾಗ ನಿಮ್ಮ ದನಿ ತಾನಾಗಿ ತಗ್ಗಿದ ಕಡೆ ದೈನ್ಯ ನುಸುಳಿದೆ. ದನಿ ಏರಿದ ಕಡೆ ಕೋಪ ನುಸುಳಿದೆ. ಎರಡು ಕಡೆಯೂ ಗೀಟು ಹಾಕಿ. ಆಮೇಲೆ ಒಂದೊಂದು ಸಾಲನ್ನೂ ತೆಗೆದು ನೋಡಿ. ತೆಗೆದರೂ ಸಂಗತಿಯೋ ಮರ್ಯಾದೆಯೋ ಕಡಮೆಯಾಗದಿದ್ದರೆ ಆ ಸಾಲು ಬೇಡ. ಹುಡುಗಿಯ ಮೊದಲ ಕಾಗದಕ್ಕೆ ಈ ಪರೀಕ್ಷೆ ಮಾಡಿದಾಗ "ನಮಸ್ಕಾರ" ಎಂಬುದೊಂದೇ ಉಳಿಯಿತು.

ಮುಂದೆ ಏನಾಯಿತೆಂದು ಕೇಳುತ್ತೀರಿ. ಒಂಬತ್ತನೆಯ ದಿನ ಎರಡು ಸಾಲಿನ ಉತ್ತರ ಬಂತು: ಚೆಕ್‌ರೋಲ್ ತರಿಸಿ ನೋಡುತ್ತೇವೆ ಎಂದು. ಜುಲೈ ಮುಗಿದರೂ ಹಣ ಬರಲಿಲ್ಲ. ಆಗ ಅವಳು ಹೊಸ ಕಾಗದ ಬರೆಯದೆ, ಅದೇ ಈಮೇಲಿಗೆ ಉತ್ತರವಾಗಿ ಬರೆದಳು: "ಜುಲೈ 10ರಂದು ತಾವು ತಿಳಿಸಿದ ಪರಿಶೀಲನೆ ಎಲ್ಲಿಗೆ ಬಂದಿದೆ ಎಂದು ದಯವಿಟ್ಟು ತಿಳಿಸಿ." ಹಳೆಯ ಕಾಗದ ಕೆಳಗೆ ತಾರೀಕಿನ ಸಮೇತ ಇದ್ದುದರಿಂದ ಮತ್ತೆ ವಿವರಿಸುವ ಕೆಲಸವಿರಲಿಲ್ಲ. ಆಗಸ್ಟ್ ಮೂರನೆಯ ವಾರ 6,000 ರೂಪಾಯಿ ಬ್ಯಾಂಕಿಗೆ ಬಂತು.

ಒಳ್ಳೆಯ ಕಾಗದ ಬರೆದವರಿಗೆಲ್ಲ ಹೀಗೆ ಆಗುತ್ತದೆಂದು ನಾವು ಹೇಳುವುದಿಲ್ಲ. ಎರಡು ಸಲ ನೆನಪಿಸಿದರೂ ಉತ್ತರ ಬಾರದಿದ್ದರೆ, ಗ್ರಾಚ್ಯುಟಿ ವ್ಯಾಜ್ಯವನ್ನು ತೀರ್ಮಾನಿಸಲು ನೇಮಿಸಿದ ಅಧಿಕಾರಿಯ ಬಳಿಗೆ ಹೋಗುವ ದಾರಿ ಉಂಟು. ಅಂದು ಅವರ ಮುಂದೆ ಇಡಬೇಕಾದದ್ದು ಇದೇ ಕಾಗದಗಳನ್ನು. ಕಾಲಿಗೆ ಬಿದ್ದ ಕಾಗದವನ್ನು ಅಲ್ಲಿ ತೋರಿಸಲು ನಮಗೆ ನಾಚಿಕೆ, ಬೈದ ಕಾಗದವನ್ನು ತೋರಿಸಲು ಹೆದರಿಕೆ. ನೆಟ್ಟಗೆ ನಿಂತ ಕಾಗದವನ್ನು ಯಾರ ಮುಂದೆಯಾದರೂ ಇಡಬಹುದು.

ಆ ತಾಯಿಗೆ ಮಗಳು ಕೊನೆಯ ಕಾಗದವನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಇಷ್ಟೇ ಸಾಕೇನೇ?" ಸಾಕಾಯಿತು.