ಶೀಘ್ರಲಿಪಿಕಾರನ ಟಿಪ್ಪಣಿ

ಈ ಸಂಜೆ ನಾವು ಹೇಳಹೊರಟಿರುವುದು ಒಂದು ಕಥೆ. ಇದರ ಪಾತ್ರಗಳು ಕಲ್ಪಿತವಾದರೂ ಅವರನ್ನು ನ್ಯಾಯಾಲಯಕ್ಕೆ ಎಳೆದ ಕಾಯಿದೆ ನಿಜವಾದುದೇ.

ದಕ್ಷಿಣ ಕನ್ನಡದ ಅಳಿಯಸಂತಾನ ಕುಟುಂಬಗಳಲ್ಲಿ ಆಸ್ತಿಯು ಹೆಣ್ಣಿನ ಸಂತತಿಯ ಮೂಲಕ ಇಳಿದುಬರುತ್ತಿದ್ದುದನ್ನು ಶ್ರೋತೃಗಳು ಬಲ್ಲರು. ಎಲ್ಲರೂ ಒಪ್ಪಿದ ಹೊರತು ಅದನ್ನು ಪಾಲು ಮಾಡುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ‘ಕವರು’ ಎಂಬ ಶಾಖೆಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಆದರೆ ಒಂದು ಕಟ್ಟು ಇದ್ದಿತು. ಪಾಲಾಗುವ ಕಾಲಕ್ಕೆ ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದ ಕವರು ‘ಸಂತತಿ ಕವರು’. ಇಲ್ಲದುದು ‘ನಿಸ್ಸಂತತಿ ಕವರು’. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ, ನಿಸ್ಸಂತತಿ ಕವರಿಗೆ ಪಾಲಿನ ಮೇಲೆ ದೊರೆಯುತ್ತಿದ್ದುದು ಜೀವಮಾನದ ಹಕ್ಕು ಮಾತ್ರ.

ಬೈಂದೂರಿನ ಒಂದು ಮನೆಯ ಅಕ್ಕ ತಂಗಿಯರಲ್ಲಿ ಅಕ್ಕ ಬ್ರಹ್ಮಾವರದಲ್ಲಿ ನೆಲೆಸಿದ್ದಳು. ಆಕೆಗೆ ಒಬ್ಬನೇ ಮಗ, ಹೆಣ್ಣುಮಕ್ಕಳಿಲ್ಲ. 1953ರ ಜೂನಿನಲ್ಲಿ ಆಕೆ ಪಾಲು ಕೇಳಿ ನೋಟೀಸು ಕಳುಹಿಸಿದಳು. ಬಳಿಕ ಕುಂದಾಪುರದಲ್ಲಿ ದಾವೆ ಹೂಡಿದಳು. ಹೆಣ್ಣುಮಕ್ಕಳಿದ್ದ ತಂಗಿಯ ಕಡೆಯವರು, ಅಕ್ಕನಿಗೆ ಐವತ್ತು ಕಳೆದಿದೆ, ಆಕೆಯ ಕಾಲಾನಂತರ ಗದ್ದೆ ಮರಳಿ ತಮಗೇ ಬರಬೇಕೆಂದು ವಾದಿಸಿದರು. 1954ರ ಮಾರ್ಚಿಯಲ್ಲಿ ಸಾಕ್ಷಿಕಟ್ಟೆಯಲ್ಲಿ ನಿಂತ ಅಕ್ಕ ತಾನೇ, “ಐವತ್ತ್ ಆಯ್ತ್ ಕಾಣಿ” ಎಂದುಬಿಟ್ಟಳು. ಆ ಮಾತು ಇಂಗ್ಲಿಷಿನಲ್ಲಿ ದಾಖಲಾಯಿತು. ಇಬ್ಬರು ವಕೀಲರೂ ಅದನ್ನೇ ಹಿಡಿದು ಮುಂದುವರಿದರು. ಮಗನ ಪಾಲಿಗೆ ಗದ್ದೆ ಹೋದಂತೆಯೇ ಆಯಿತು.

ವಾದಕ್ಕೆ ಮುನ್ನ ಮುನ್ಸೀಫರು ವೃದ್ಧ ಶೀಘ್ರಲಿಪಿಕಾರನಿಗೆ ವ್ಯಾಜ್ಯದ ಸಾರಾಂಶವನ್ನು ಬರೆಯಹೇಳಿದರು. ಆತನದು ಹಳೆಯ ಪದ್ಧತಿ. ಹಾಳೆಗೆ ಮೂರು ಗೆರೆ ಎಳೆದು, ತಾರೀಖು, ಸಂಗತಿ, ಅದಕ್ಕೆ ಆಧಾರವಾದ ದಾಖಲೆಯ ನಂಬರು ಎಂದು ಬೇರೆಬೇರೆಯಾಗಿ ಬರೆಯುವನು. “ವಾದಿಯ ವಯಸ್ಸು ಐವತ್ತು” ಎಂದು ಆತನು ಬರೆಯಲಿಲ್ಲ. ಯಾವ ದಿನ ಯಾರು ಹಾಗೆ ಹೇಳಿದರೆಂದು ಬರೆದನು. ಆಗ ಜನನ ರಿಜಿಸ್ಟರಿನ ನಕಲು ತಾನಾಗಿಯೇ ಹಾಳೆಯ ಮೇಲಣ ಸಾಲಿಗೆ ಬಂದು ನಿಂತಿತು: 1903ನೆಯ ನವೆಂಬರು. ಬೇರೊಂದು ವಿಷಯಕ್ಕಾಗಿ ಹಾಜರಾಗಿದ್ದ ಆ ಕಾಗದವನ್ನು ವಯಸ್ಸಿಗಾಗಿ ಯಾರೂ ಓದಿರಲಿಲ್ಲ. ಸಾಕ್ಷಿ ನುಡಿದ ದಿನ ಆಕೆಗೆ ಐವತ್ತು ಕಳೆದಿದ್ದುದು ದಿಟ. ಆದರೆ ನೋಟೀಸು ಕೊಟ್ಟ ಜೂನಿನಲ್ಲಿ ನಲವತ್ತೊಂಬತ್ತು ವರ್ಷ ಏಳು ತಿಂಗಳು!

ಮುನ್ಸೀಫರು ಇಬ್ಬರು ವಕೀಲರನ್ನೂ ಕರೆದು ಹಾಳೆಯನ್ನು ಮುಂದಿಟ್ಟರು. ಕುಟುಂಬದಿಂದ ಬೇರೆಯಾಗುವ ಇಚ್ಛೆಯನ್ನು ಅಕ್ಕ ತಿಳಿಸಿದ್ದು ನೋಟೀಸಿನ ದಿನವೇ ಎಂದಾದರೆ, ಆಕೆಯದು ಸಂತತಿ ಕವರೇ ಆಗುತ್ತಿತ್ತು. ಗೆಲುವು ಖಚಿತವೆಂದು ಕುಳಿತಿದ್ದ ತಂಗಿಯ ಕಡೆಯವರು ಯೋಚನೆಗೆ ಬಿದ್ದರು. ಎರಡು ವಾಯಿದೆಗಳ ಬಳಿಕ ರಾಜಿಯಾಯಿತು: ಅಕ್ಕನ ಪಾಲಿನ ಗದ್ದೆ ಪೂರ್ಣ ಹಕ್ಕಿನಿಂದ ಅವಳಿಗೆ, ಬೈಂದೂರಿನ ಮೂಲಮನೆ ತಂಗಿಗೆ, ನಾಗಬನ ಇಬ್ಬರಿಗೂ.

ಅಕ್ಕನ ವಯಸ್ಸನ್ನು ಹೇಗೆ ಕಂಡುಹಿಡಿದೆಯೆಂದು ಕೇಳಿದವರಿಗೆ ಆ ಮುದುಕನು, “ನಾನು ಕಂಡುಹಿಡಿಯಲಿಲ್ಲ, ಸ್ವಾಮಿ. ತಾರೀಖುಗಳನ್ನು ಒಂದರ ಕೆಳಗೊಂದು ಬರೆದೆ, ಅಷ್ಟೆ” ಎಂದನಂತೆ.